ಬಾಡಿಗೆ ಮನೆಯೋ ಸ್ವಂತ ಮನೆಯೋ: ಲೆಕ್ಕದ ಪಟ್ಟಿ ಹಾಕುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಲೆಕ್ಕವೆಲ್ಲ ಒಂದೇ ಮನೆಯದ್ದು. ಬೆಂಗಳೂರಿನಲ್ಲಿ 80 ಲಕ್ಷ ಬೆಲೆಯ, ಎರಡು ಬೆಡ್‌ರೂಂ ಇರುವ, ಕಟ್ಟಿ ಮುಗಿದ ಫ್ಲ್ಯಾಟ್ ಅಂತ ಇಟ್ಟುಕೊಳ್ಳಿ. ಅದೇ ಫ್ಲ್ಯಾಟ್ ಬಾಡಿಗೆಗೆ ಬೇಕೆಂದರೆ ತಿಂಗಳಿಗೆ 25 ಸಾವಿರ. ನಿಮ್ಮ ಊರಿನ, ನಿಮ್ಮ ಏರಿಯಾದ ಅಂಕಿ ಬೇರೆ ಇರುತ್ತದೆ. ಅದನ್ನು ಹಾಕಿಕೊಂಡು ಇದೇ ದಾರಿಯಲ್ಲಿ ಲೆಕ್ಕ ಮಾಡಿದರೆ ಸಾಕು.

## ಬಾಡಿಗೆಗೂ ಇಎಂಐಗೂ ತಾಳೆ ಹಾಕಿದರೆ ಸಾಲದೇ?

ಸಾಲದು. "ಬಾಡಿಗೆ ಕಟ್ಟಿದರೆ ದುಡ್ಡು ಹೋಯಿತು, ಇಎಂಐ ಕಟ್ಟಿದರೆ ಮನೆ ನಮ್ಮದಾಯಿತು" ಅಂತ ಎಲ್ಲರೂ ಹೇಳುತ್ತಾರೆ. ಬ್ಯಾಂಕಿನವರು ಕೊಡುವ ಕಂತಿನ ಪಟ್ಟಿಯ ಮೊದಲ ಸಾಲು ನೋಡಿದರೆ ಬೇರೆಯೇ ಕಾಣುತ್ತದೆ.

80 ಲಕ್ಷದ ಮನೆಗೆ 64 ಲಕ್ಷ ಸಾಲ, ಬಡ್ಡಿ ಶೇ. 8.5, ಅವಧಿ 20 ವರ್ಷ. ಇಎಂಐ 55,541 ರೂಪಾಯಿ. ಮೊದಲ ತಿಂಗಳು ಅದರಲ್ಲಿ 45,333 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು ಸುಮಾರು 10,200 ಮಾತ್ರ. ಮೊದಲ ವರ್ಷ ಪೂರ್ತಿ ಕಟ್ಟುವುದು 6.66 ಲಕ್ಷ. ಅದರಲ್ಲಿ ಸಾಲ ಇಳಿಯುವುದು 1.27 ಲಕ್ಷ, ಮಿಕ್ಕ 5.39 ಲಕ್ಷ ಬಡ್ಡಿ. ಅಂದರೆ ಮನೆಗೆ ಕೊಡುವ ಬಾಡಿಗೆಯ ಹಾಗೆಯೇ, ಇದು ದುಡ್ಡಿಗೆ ಕೊಡುವ ಬಾಡಿಗೆ. ಎರಡೂ ವಾಪಸ್ ಬರುವುದಿಲ್ಲ.

ಹಾಗಾದರೆ ಹೋಲಿಸಬೇಕಾದ್ದು ಏನು? ಇಬ್ಬರು ಒಂದೇ ಸಂಬಳದವರು, ಒಂದೇ ಉಳಿತಾಯದವರು ಅಂದುಕೊಳ್ಳಿ. ಒಬ್ಬರು ಮನೆ ಕೊಳ್ಳುತ್ತಾರೆ, ಇನ್ನೊಬ್ಬರು ಅಂಥದೇ ಮನೆಯಲ್ಲಿ ಬಾಡಿಗೆಗೆ ಇರುತ್ತಾರೆ. ಇಬ್ಬರ ಜೇಬಿನಿಂದಲೂ ತಿಂಗಳು ತಿಂಗಳು ಒಂದೇ ಮೊತ್ತ ಹೊರಗೆ ಹೋಗುತ್ತದೆ. ಬಾಡಿಗೆಯವರಿಗೆ ಮಿಗುವ ದುಡ್ಡು ಒಂದು ಗಂಟಾಗಿ ಬೆಳೆಯುತ್ತದೆ. ಹತ್ತು ವರ್ಷ ಆದ ಮೇಲೆ ಕೊಂಡವರ ಮನೆಯ ಬೆಲೆಯಿಂದ ಉಳಿದ ಸಾಲ ಕಳೆಯಿರಿ, ಬಾಡಿಗೆಯವರ ಗಂಟು ಎಣಿಸಿ, ಎರಡನ್ನೂ ಅಕ್ಕಪಕ್ಕ ಇಡಿ. ಆ ಗಂಟಿನ ಕಾಲಂ ಇಲ್ಲದ ಪಟ್ಟಿ ಯಾವಾಗಲೂ "ಕೊಳ್ಳಿ" ಅಂತಲೇ ಹೇಳುತ್ತದೆ.

## ಮೊದಲ ದಿನವೇ ಎಷ್ಟು ದುಡ್ಡು ಬೇಕು?

ಡೌನ್ ಪೇಮೆಂಟ್ 16 ಲಕ್ಷ ಅಂತ ಎಲ್ಲರಿಗೂ ಗೊತ್ತು. 30 ಲಕ್ಷಕ್ಕಿಂತ ಜಾಸ್ತಿ, 75 ಲಕ್ಷದೊಳಗಿನ ಗೃಹಸಾಲಕ್ಕೆ ಬ್ಯಾಂಕ್ ಮನೆಯ ಬೆಲೆಯಲ್ಲಿ ಶೇ. 80ರವರೆಗೆ ಮಾತ್ರ ಕೊಡಬಹುದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಆ ಬೆಲೆಯಲ್ಲಿ ನೋಂದಣಿ ಖರ್ಚು ಸೇರುವುದಿಲ್ಲ. ಅದು ಪೂರ್ತಿ ನಿಮ್ಮ ಕೈಯಿಂದಲೇ ಹೋಗಬೇಕು. ಜನ ಕಂಗಾಲಾಗುವುದು ಇಲ್ಲೇ.

ಕರ್ನಾಟಕದಲ್ಲಿ 45 ಲಕ್ಷಕ್ಕಿಂತ ಜಾಸ್ತಿ ಬೆಲೆಯ ಮನೆಗೆ ಮುದ್ರಾಂಕ ಶುಲ್ಕ ಶೇ. 5. ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ. 5.6 ಆಗುತ್ತದೆ. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಒಟ್ಟು ಶೇ. 7.6. ನಮ್ಮ 80 ಲಕ್ಷದ ಮನೆಗೆ 6.08 ಲಕ್ಷ. ಹಳೆಯ ಲೆಕ್ಕದ ಹಾಳೆಗಳಲ್ಲಿ ಇನ್ನೂ ಶೇ. 6.6 ಅಂತಲೇ ಇರುತ್ತದೆ, ಅದನ್ನು ತಿದ್ದಿಕೊಳ್ಳಿ.

ಇದರ ಜೊತೆಗೆ ವಕೀಲರ ಫೀಸು, ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ, ಅಡುಗೆಮನೆ ಮತ್ತು ವಾರ್ಡ್‌ರೋಬಿನ ಮರಗೆಲಸ, ಗೃಹಪ್ರವೇಶ. ಎಲ್ಲ ಸೇರಿಸಿ ಸುಮಾರು 3.9 ಲಕ್ಷ ಇಟ್ಟಿದ್ದೇನೆ. ಮರಗೆಲಸ ಕೈತುಂಬಾ ಮಾಡಿಸುವವರಿಗೆ ಇದು ಸಾಲುವುದೇ ಇಲ್ಲ. ಒಟ್ಟಿಗೆ ಮೊದಲ ದಿನ 26 ಲಕ್ಷ ಬೇಕು.

ಬಾಡಿಗೆಯವರೂ ಅದೇ 26 ಲಕ್ಷ ಇಟ್ಟುಕೊಂಡೇ ಶುರು ಮಾಡುತ್ತಾರೆ. ಅವರು ಕೊಡಬೇಕಾದ್ದು ಅಡ್ವಾನ್ಸ್. ಬೆಂಗಳೂರಲ್ಲಿ ಹಿಂದಿನಿಂದ ಹತ್ತು ತಿಂಗಳ ಅಡ್ವಾನ್ಸ್ ರೂಢಿ, ಈಗ ಐದಾರು ತಿಂಗಳಿಗೂ ಮನೆ ಸಿಗುತ್ತದೆ. ಆರು ತಿಂಗಳು ಅಂದರೆ 1.5 ಲಕ್ಷ. ಮಿಕ್ಕ 24.5 ಲಕ್ಷ ಗಂಟಿಗೆ ಹೋಗುತ್ತದೆ.

## ವರ್ಷ ವರ್ಷದ ಖರ್ಚಿನಲ್ಲಿ ಏನೇನು ಬರೆಯಬೇಕು?

ಮೊದಲು ಎರಡೂ ಕಡೆ ಒಂದೇ ಇರುವುದನ್ನು ಹೊಡೆದುಹಾಕಿ. ಕರೆಂಟ್, ನೀರು, ಗ್ಯಾಸ್ ಯಾರಿಗಾದರೂ ಅಷ್ಟೇ. ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ಬಗ್ಗೆ ಸ್ವಲ್ಪ ಹುಷಾರಾಗಿರಿ. "25 ಸಾವಿರ ಪ್ಲಸ್ ಮೇಂಟೆನೆನ್ಸ್" ಅಂತ ಮಾತಾಗಿದ್ದರೆ ಅದು ಎರಡೂ ಕಡೆ ಬರುತ್ತದೆ, ಹೊಡೆದುಹಾಕಬಹುದು. "ಎಲ್ಲ ಸೇರಿ 25 ಸಾವಿರ" ಅಂದಿದ್ದರೆ ಮೇಂಟೆನೆನ್ಸ್ ಓನರ್ ತಲೆಗೆ, ಹಾಗಾಗಿ ಕೊಂಡವರ ಕಡೆ ಮಾತ್ರ ಬರೆಯಬೇಕು. ತಿಂಗಳಿಗೆ 4 ಸಾವಿರ ಅಂದರೂ ವರ್ಷಕ್ಕೆ 48 ಸಾವಿರದ ವ್ಯತ್ಯಾಸ. ನಮ್ಮ ಲೆಕ್ಕದಲ್ಲಿ ಮೇಂಟೆನೆನ್ಸ್ ಬೇರೆ ಅಂತ ಇಟ್ಟು ಎರಡೂ ಕಡೆ ಬಿಟ್ಟಿದ್ದೇನೆ.

ಕೊಂಡವರ ಕಡೆ ಉಳಿಯುವುದು ಇಎಂಐ, ಆಸ್ತಿ ತೆರಿಗೆ, ವಿಮೆ, ರಿಪೇರಿ. ರಿಪೇರಿ ಪ್ರತಿ ವರ್ಷ ಬರುವುದಿಲ್ಲ. ನಾಲ್ಕು ವರ್ಷ ಸುಮ್ಮನಿದ್ದು ಐದನೇ ವರ್ಷ ಬಾತ್‌ರೂಮಿನ ನೀರು ಕೆಳಗಿನ ಮನೆಯ ಸೀಲಿಂಗಿಗೆ ಇಳಿದಾಗ ಒಟ್ಟಿಗೇ ಬರುತ್ತದೆ. ಹಾಗಾಗಿ ಸರಾಸರಿ ಹಿಡಿದು, ಎಲ್ಲ ಸೇರಿ ವರ್ಷಕ್ಕೆ 40 ಸಾವಿರ ಬರೆಯಿರಿ. ಅದು ವರ್ಷಕ್ಕೆ ಶೇ. 6ರಂತೆ ಏರಲಿ.

ಬಾಡಿಗೆಯವರ ಕಡೆ ಮೊದಲ ವರ್ಷ 3 ಲಕ್ಷ ಬಾಡಿಗೆ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದಾಗಲೆಲ್ಲ ಶೇ. 5ರಿಂದ 10 ಏರಿಸುವ ಷರತ್ತು ಸಾಮಾನ್ಯ. ಆದರೆ ಒಬ್ಬರೇ ಓನರ್ ಜೊತೆ ಚೆನ್ನಾಗಿದ್ದರೆ ಅಷ್ಟು ಏರುವುದಿಲ್ಲ. ದೀರ್ಘಕಾಲಕ್ಕೆ ಶೇ. 6 ಹಾಕಿದ್ದೇನೆ. ಎರಡು ಮೂರು ವರ್ಷಕ್ಕೊಮ್ಮೆ ಮನೆ ಬದಲಿಸುವ ಖರ್ಚು ಬೇರೆ ಇದೆ. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, ಅಡ್ವಾನ್ಸಿನಲ್ಲಿ ಪೇಂಟಿಂಗ್ ಅಂತ ಮುರಿದುಕೊಳ್ಳುವ ಒಂದು ತಿಂಗಳ ಬಾಡಿಗೆ, ಸಾಮಾನು ಸಾಗಿಸುವ ಗಾಡಿ. ಇದನ್ನು ಹಂಚಿ ವರ್ಷಕ್ಕೆ 20 ಸಾವಿರ ಹಾಕಿ, ಇದೂ ವರ್ಷಕ್ಕೆ ಶೇ. 6ರಂತೆ ಏರಲಿ. ಬಹಳಷ್ಟು ಪಟ್ಟಿಗಳಲ್ಲಿ ಈ ಸಾಲು ಇರುವುದೇ ಇಲ್ಲ, ಬಾಡಿಗೆಯ ಪರವಾಗಿ ಲೆಕ್ಕ ವಾಲುವುದಕ್ಕೆ ಅದೂ ಒಂದು ಕಾರಣ.

## ಗಂಟು ಹೇಗೆ ಬೆಳೆಯುತ್ತದೆ, ತೋರಿಸಿ?

ಎರಡೂ ಕಡೆಯ ಖರ್ಚಿನ ವ್ಯತ್ಯಾಸವನ್ನು ಪ್ರತಿ ವರ್ಷದ ಕೊನೆಗೆ ಗಂಟಿಗೆ ಸೇರಿಸಿ. ಗಂಟಿನ ಮೇಲೆ ತೆರಿಗೆ ಕಳೆದು ವರ್ಷಕ್ಕೆ ಶೇ. 7 ಬರುತ್ತದೆ ಅಂತ ಹಿಡಿದಿದ್ದೇನೆ. ಬರೀ ಎಫ್‌ಡಿಯಲ್ಲಿ ಇಟ್ಟರೆ ತೆರಿಗೆ ಹೋಗಿ ಇಷ್ಟು ಬರುವುದು ಕಷ್ಟ. ಸ್ವಲ್ಪ ಮ್ಯೂಚುವಲ್ ಫಂಡ್ ಬೆರೆಸಿದರೆ ಬರಬಹುದು, ಆದರೆ ಖಾತ್ರಿ ಇಲ್ಲ. ಕೆಳಗಿನ ಅಂಕಿಗಳೆಲ್ಲ ಲಕ್ಷ ರೂಪಾಯಿಗಳಲ್ಲಿ ಇವೆ.

| ವರ್ಷ | ಬಾಡಿಗೆಯವರ ಖರ್ಚು | ಕೊಂಡವರ ಖರ್ಚು | ಗಂಟಿಗೆ ಸೇರಿದ್ದು | ವರ್ಷದ ಕೊನೆಗೆ ಗಂಟು |
|---|---|---|---|---|
| 1 | 3.20 | 7.06 | 3.86 | 30.08 |
| 5 | 4.04 | 7.17 | 3.13 | 54.68 |
| 10 | 5.41 | 7.34 | 1.93 | 90.91 |
| 15 | 7.23 | 7.57 | 0.33 | 133.59 |

ಎರಡನೇ ಮತ್ತು ಮೂರನೇ ಕಾಲಂ ನೋಡಿ. ಬಾಡಿಗೆ ಏರುತ್ತಲೇ ಹೋಗುತ್ತದೆ. ಇಎಂಐ ನಿಂತಲ್ಲೇ ನಿಂತಿದೆ, ಕೊಂಡವರ ಕಡೆ ಏರುವುದು ರಿಪೇರಿ, ತೆರಿಗೆ ಮಾತ್ರ. ಮೊದಲ ವರ್ಷ 3.86 ಲಕ್ಷ ಇದ್ದ ವ್ಯತ್ಯಾಸ ಹದಿನೈದನೇ ವರ್ಷ 33 ಸಾವಿರಕ್ಕೆ ಇಳಿದಿದೆ. ಹದಿನಾರನೇ ವರ್ಷ ಬಾಡಿಗೆ ತಿಂಗಳಿಗೆ ಸುಮಾರು 60 ಸಾವಿರ ಆಗಿ, ಬಾಡಿಗೆಯವರ ಖರ್ಚೇ ಜಾಸ್ತಿಯಾಗುತ್ತದೆ. ಅಲ್ಲಿಂದ ಮುಂದೆ ಅವರು ಗಂಟಿನಿಂದ ತೆಗೆಯಬೇಕು. ಐದು ವರ್ಷದ ಪಟ್ಟಿಗೂ ಹದಿನೈದು ವರ್ಷದ ಪಟ್ಟಿಗೂ ಉತ್ತರ ಬೇರೆ ಬರುವುದು ಇದಕ್ಕೇ.

## ಕೊನೆಗೆ ಯಾರ ಹತ್ತಿರ ಎಷ್ಟು ಉಳಿಯುತ್ತದೆ?

ಕೊಂಡವರು ಆ ವರ್ಷ ಮನೆ ಮಾರುತ್ತಾರೆ ಅಂತ ಹಿಡಿಯೋಣ. ಮಾರಾಟದ ಖರ್ಚು ಶೇ. 2. ಲಾಭದ ಮೇಲೆ ದೀರ್ಘಾವಧಿ ಬಂಡವಾಳ ಲಾಭದ ತೆರಿಗೆ ಶೇ. 12.5, ಸೆಸ್ ಸೇರಿ ಶೇ. 13. 2024ರ ಜುಲೈ 23ರ ನಂತರ ಕೊಂಡ ಮನೆಗೆ ಇಂಡೆಕ್ಸೇಶನ್, ಅಂದರೆ ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸಿಕೊಳ್ಳುವ ಅನುಕೂಲ ಸಿಗುವುದಿಲ್ಲ. ಲಾಭ ಎಣಿಸುವಾಗ ಕೊಂಡ ಬೆಲೆಗೆ ನೋಂದಣಿ ಖರ್ಚನ್ನೂ ಸೇರಿಸಿಕೊಳ್ಳಬಹುದು, ಹಾಗೇ ಮಾಡಿದ್ದೇನೆ. ಬಾಡಿಗೆಯವರ ಗಂಟಿಗೆ ಅಡ್ವಾನ್ಸಿನ 1.5 ಲಕ್ಷ ಸೇರಿಸಿದ್ದೇನೆ. ಇವೂ ಲಕ್ಷಗಳಲ್ಲೇ ಇವೆ.

| | 5 ವರ್ಷ | 10 ವರ್ಷ | 15 ವರ್ಷ |
|---|---|---|---|
| ಉಳಿದ ಸಾಲ | 56.4 | 44.8 | 27.1 |
| ಬಾಡಿಗೆಯವರ ಕೈಗೆ | 56.2 | 92.4 | 135.1 |
| ಕೊಂಡವರ ಕೈಗೆ, ಬೆಲೆ ವರ್ಷಕ್ಕೆ ಶೇ. 5 ಏರಿದರೆ | 41.8 | 77.5 | 125.9 |
| ಕೊಂಡವರ ಕೈಗೆ, ಬೆಲೆ ವರ್ಷಕ್ಕೆ ಶೇ. 7 ಏರಿದರೆ | 50.5 | 100.6 | 172.3 |

ಹತ್ತನೇ ವರ್ಷದ ಒಂದು ಲೆಕ್ಕ ಬಿಡಿಸಿ ತೋರಿಸುತ್ತೇನೆ. ವರ್ಷಕ್ಕೆ ಶೇ. 5ರಂತೆ 80 ಲಕ್ಷ ಬೆಳೆದು 130.3 ಲಕ್ಷ ಆಗುತ್ತದೆ. ಮಾರಾಟದ ಖರ್ಚು 2.6 ಲಕ್ಷ, ತೆರಿಗೆ 5.4 ಲಕ್ಷ, ಬ್ಯಾಂಕಿಗೆ 44.8 ಲಕ್ಷ. ಕೈಗೆ ಬರುವುದು 77.5 ಲಕ್ಷ. ಹತ್ತು ವರ್ಷದಲ್ಲಿ 66.65 ಲಕ್ಷ ಇಎಂಐ ಕಟ್ಟಿಯೂ ಸಾಲ ಇಳಿದಿದ್ದು 19.2 ಲಕ್ಷ ಅಷ್ಟೇ ಅನ್ನುವುದನ್ನು ಗಮನಿಸಿ.

## ಬೆಲೆ ಏರಿಕೆ ಎಷ್ಟು ಅಂತ ಹಾಕಬೇಕು?

ಇಡೀ ಪಟ್ಟಿಯಲ್ಲಿ ಅತಿ ದೊಡ್ಡ ಊಹೆ ಇದೇ. ಶೇ. 5 ಇದ್ದದ್ದು ಶೇ. 7 ಆದರೆ ಹತ್ತು ವರ್ಷದಲ್ಲಿ 23 ಲಕ್ಷ ಹೆಚ್ಚುಕಮ್ಮಿ ಆಗುತ್ತದೆ, ಗೆದ್ದವರು ಸೋಲುತ್ತಾರೆ. ಹಾಗಾಗಿ ಒಂದು ಅಂಕಿಯನ್ನು ನಂಬಿ ಕೂರಬೇಡಿ. ಪ್ರಶ್ನೆಯನ್ನು ತಿರುಗಿಸಿ ಹಾಕಿ: ಎರಡೂ ಕಡೆ ಸಮ ಆಗಬೇಕಾದರೆ ಬೆಲೆ ಎಷ್ಟು ಏರಬೇಕು? ನಮ್ಮ ಲೆಕ್ಕದಲ್ಲಿ ಹತ್ತು ವರ್ಷಕ್ಕೆ ಅದು ವರ್ಷಕ್ಕೆ ಸುಮಾರು ಶೇ. 6.3. ಈಗ ನಿಮ್ಮ ಏರಿಯಾದಲ್ಲಿ ಹತ್ತು ವರ್ಷ ಹಳೆಯ ಫ್ಲ್ಯಾಟ್‌ಗಳು ಆಗ ಎಷ್ಟಕ್ಕೆ ಹೋಗಿದ್ದವು, ಈಗ ಎಷ್ಟಕ್ಕೆ ಮಾರಾಟ ಆಗುತ್ತಿವೆ ಅಂತ ವಿಚಾರಿಸಿ. ಕೇಳುವ ಬೆಲೆ ಬೇಡ, ನೋಂದಣಿ ಆದ ಬೆಲೆ ಬೇಕು.

ಇಲ್ಲಿ ಒಂದು ತಪ್ಪು ತುಂಬಾ ಜನ ಮಾಡುತ್ತಾರೆ. ಪಕ್ಕದ ಹೊಸ ಪ್ರಾಜೆಕ್ಟಿನ ಚದರಡಿ ಬೆಲೆ ನೋಡಿ, ನಮ್ಮ ಹಳೆಯ ಫ್ಲ್ಯಾಟಿಗೂ ಅಷ್ಟೇ ಏರಿದೆ ಅಂದುಕೊಳ್ಳುತ್ತಾರೆ. ಫ್ಲ್ಯಾಟಿನಲ್ಲಿ ಬೆಳೆಯುವುದು ನಿಮ್ಮ ಪಾಲಿನ ಜಾಗದ ಬೆಲೆ. ಕಟ್ಟಡ ಹಳೆಯದಾಗುತ್ತಾ ಹೋಗುತ್ತದೆ, ಲಿಫ್ಟು, ಪೈಪು, ಪೇಂಟು ಎಲ್ಲ ಸವೆಯುತ್ತದೆ. ನೂರಾರು ಮನೆ ಇರುವ ಎತ್ತರದ ಟವರಿನಲ್ಲಿ ಒಬ್ಬೊಬ್ಬರ ಪಾಲಿಗೆ ಬರುವ ಜಾಗ ಕಡಿಮೆ. ಸೇಲ್ ಡೀಡಿನಲ್ಲಿ ಅವಿಭಾಜ್ಯ ಪಾಲು ಎಷ್ಟು ಚದರಡಿ ಅಂತ ಬರೆದಿರುತ್ತದೆ. ಬೆಲೆ ಏರಿಕೆಯ ಅಂಕಿ ಹಾಕುವ ಮೊದಲು ಅದನ್ನು ಓದಿ.

## ಬಾಡಿಗೆಯವರು ನಿಜವಾಗಲೂ ಆ ದುಡ್ಡು ಉಳಿಸುತ್ತಾರಾ?

ಪಟ್ಟಿಯ ಅತಿ ದುರ್ಬಲ ಜಾಗ ಇದು, ಪ್ರಾಮಾಣಿಕವಾಗಿ ಉತ್ತರಿಸಬೇಕಾದ ಪ್ರಶ್ನೆಯೂ ಇದೇ. ಇಎಂಐ ಒಂದನೇ ತಾರೀಖಿಗೋ ಐದನೇ ತಾರೀಖಿಗೋ ತಾನಾಗಿ ಕಡಿತ ಆಗುತ್ತದೆ, ಕೇಳುವ ಪ್ರಶ್ನೆಯೇ ಇಲ್ಲ. ಉಳಿದ ದುಡ್ಡನ್ನು ಗಂಟಿಗೆ ಹಾಕುವುದು ಮಾತ್ರ ನಿಮ್ಮ ಮನಸ್ಸಿಗೆ ಬಿಟ್ಟಿದ್ದು. ಮದುವೆ ಬಂತು, ಕಾರ್ ಬಂತು, ತಮ್ಮನಿಗೆ ಕೈಸಾಲ ಬೇಕಾಯಿತು.

ವ್ಯತ್ಯಾಸದ ದುಡ್ಡು ಪೂರ್ತಿ ಖರ್ಚಾಗಿಹೋಯಿತು, ಮೊದಲ ದಿನದ 24.5 ಲಕ್ಷ ಮಾತ್ರ ಮುಟ್ಟದೆ ಇಟ್ಟರು ಅಂತ ಹಿಡಿಯಿರಿ. ಹತ್ತು ವರ್ಷಕ್ಕೆ ಅಡ್ವಾನ್ಸ್ ಸೇರಿ ಅವರ ಕೈಯಲ್ಲಿ ಇರುವುದು 49.7 ಲಕ್ಷ. ಬೆಲೆ ಬರೀ ಶೇ. 5 ಏರಿದರೂ ಕೊಂಡವರ ಹತ್ತಿರ 77.5 ಲಕ್ಷ ಇರುತ್ತದೆ. ಬಾಡಿಗೆ ಲಾಭ ಅನ್ನುವ ಲೆಕ್ಕ ಅಲ್ಲೇ ಮುರಿದುಬೀಳುತ್ತದೆ.

ಪರೀಕ್ಷೆ ಸುಲಭ. ಕಳೆದ ಮೂರು ವರ್ಷದ ಪಾಸ್‌ಬುಕ್ ತೆಗೆದು ನೋಡಿ. ತಿಂಗಳಿಗೆ 30 ಸಾವಿರ ಉಳಿಸಬಹುದು ಅಂತ ನಿಮಗನ್ನಿಸಿದರೆ, ಆಗ ಉಳಿದದ್ದು ಎಷ್ಟು? ಅರ್ಧ ಉಳಿದಿದ್ದರೆ ಪಟ್ಟಿಯಲ್ಲೂ ಅರ್ಧವೇ ಹಾಕಿ. ಆರ್‌ಡಿ ಅಥವಾ ಎಸ್‌ಐಪಿಗೆ ಸಂಬಳ ಬಂದ ದಿನವೇ ಕಡಿತ ಆಗುವ ಹಾಗೆ ಮಾಡಿಟ್ಟವರಿಗೆ ಪೂರ್ತಿ ಹಾಕಬಹುದು.

## ನಮ್ಮ ಏರಿಯಾದಲ್ಲಿ ಬಾಡಿಗೆ ಜಾಸ್ತಿ. ಲೆಕ್ಕ ಬದಲಾಗುತ್ತಾ?

ತುಂಬಾ ಬದಲಾಗುತ್ತದೆ. ಮೊದಲು ಒಂದು ಸಣ್ಣ ಭಾಗಾಕಾರ ಮಾಡಿ: ವರ್ಷದ ಬಾಡಿಗೆಯನ್ನು ಮನೆಯ ಬೆಲೆಯಿಂದ ಭಾಗಿಸಿ. ನಮ್ಮ ಮನೆಯಲ್ಲಿ 3 ಲಕ್ಷ, 80 ಲಕ್ಷ. ಅಂದರೆ ಶೇ. 3.75.

ಅದೇ ಮನೆಗೆ ಬಾಡಿಗೆ 32 ಸಾವಿರ ಇದ್ದರೆ ಇದು ಶೇ. 4.8 ಆಗುತ್ತದೆ. ಆಗ ಗಂಟಿಗೆ ಸೇರುವುದು ಕಡಿಮೆಯಾಗಿ, ಹತ್ತು ವರ್ಷದ ಕೊನೆಗೆ ಬಾಡಿಗೆಯವರ ಕೈಯಲ್ಲಿ ಸುಮಾರು 77 ಲಕ್ಷ ಇರುತ್ತದೆ. ಬೆಲೆ ಶೇ. 5 ಏರಿದಾಗ ಕೊಂಡವರ ಕೈಗೆ ಬರುವುದೂ ಹತ್ತಿರ ಹತ್ತಿರ ಅಷ್ಟೇ. ತಿಂಗಳಿಗೆ 7 ಸಾವಿರದ ವ್ಯತ್ಯಾಸ ಹತ್ತು ವರ್ಷಕ್ಕೆ 15 ಲಕ್ಷದ ವ್ಯತ್ಯಾಸ ಆಯಿತು. ಹಾಗಾಗಿ ಬಾಡಿಗೆಯ ಅಂಕಿಯನ್ನು ಅಂದಾಜಿಗೆ ಹಾಕಬೇಡಿ. ನೀವು ಕೊಳ್ಳಬೇಕು ಅಂತಿರುವ ಅದೇ ಅಪಾರ್ಟ್‌ಮೆಂಟಿನಲ್ಲಿ, ಅಷ್ಟೇ ಅಳತೆಯ ಮನೆಗೆ ಈಗ ಯಾರೋ ಕೊಡುತ್ತಿರುವ ಬಾಡಿಗೆ ವಾಚ್‌ಮನ್ ಹತ್ತಿರ ಕೇಳಿದರೂ ಗೊತ್ತಾಗುತ್ತದೆ. ಈಗಿರುವ ಸಣ್ಣ ಮನೆಯ 15 ಸಾವಿರ ಬಾಡಿಗೆಗೆ 80 ಲಕ್ಷದ ಫ್ಲ್ಯಾಟನ್ನು ಹೋಲಿಸಿದರೆ ಅದು ಸರಿಯಾದ ಹೋಲಿಕೆ ಅಲ್ಲ.

## ಬಡ್ಡಿ ದರ ಏರಿದರೆ?

ಇಎಂಐ ನಿಂತಲ್ಲೇ ನಿಲ್ಲುತ್ತದೆ ಅಂತ ಮೇಲೆ ಹೇಳಿದ್ದು ದರ ಬದಲಾಗದಿದ್ದರೆ ಮಾತ್ರ. ನಮ್ಮಲ್ಲಿ ಬಹುತೇಕ ಗೃಹಸಾಲ ಫ್ಲೋಟಿಂಗ್, ಅಂದರೆ ಬಡ್ಡಿ ದರ ಆಗಾಗ ಬದಲಾಗುವಂಥದ್ದು. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ, ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಸಾಲ ಕೊಡುವ ರೆಪೊ ದರ ಶೇ. 4ರಿಂದ ಶೇ. 6.5ಕ್ಕೆ ಏರಿತು. ಆಗ ಎಷ್ಟೋ ಜನರ ಇಎಂಐ ಮೊತ್ತ ಅಷ್ಟೇ ಇತ್ತು, ಅವಧಿ ಮಾತ್ರ ಸದ್ದಿಲ್ಲದೆ ಉದ್ದವಾಯಿತು.

ನಮ್ಮ 64 ಲಕ್ಷ ಸಾಲಕ್ಕೆ ದರ ಶೇ. 8.5ರಿಂದ 9.5 ಆದರೆ ಇಎಂಐ 55,541ರಿಂದ ಸುಮಾರು 59,650 ಆಗಬೇಕು. ಇಎಂಐ ಏರಿಸದೆ ಅವಧಿ ಏರಿಸಿದರೆ 240 ಕಂತು ಇದ್ದದ್ದು 309 ಕಂತಾಗುತ್ತದೆ. ಐದೂಮುಕ್ಕಾಲು ವರ್ಷ ಜಾಸ್ತಿ! ಬ್ಯಾಂಕಿನಿಂದ ದರ ಬದಲಾದ ಮೆಸೇಜ್ ಬಂದಾಗ ಇಎಂಐ ನೋಡಿ ಸಮಾಧಾನ ಪಡಬೇಡಿ, ಉಳಿದ ಕಂತು ಎಷ್ಟು ಅಂತ ನೋಡಿ. ಪಟ್ಟಿಯನ್ನು ಒಮ್ಮೆ ಒಂದು ಪರ್ಸೆಂಟ್ ಮೇಲೆ, ಒಮ್ಮೆ ಒಂದು ಪರ್ಸೆಂಟ್ ಕೆಳಗೆ ಹಾಕಿ ನೋಡಿ.

ಕೈಯಲ್ಲಿ ಬೋನಸ್ ಬಂದಾಗ ಅಸಲಿಗೆ ಕಟ್ಟಿದರೆ ಕೊಂಡವರ ಲೆಕ್ಕ ಚೆನ್ನಾಗಿ ಸುಧಾರಿಸುತ್ತದೆ. ಶೇ. 8.5ರ ಸಾಲ ತೀರಿಸುವುದು, ತೆರಿಗೆ ಇಲ್ಲದೆ ಶೇ. 8.5 ಗಳಿಸಿದಂತೆ. ವೈಯಕ್ತಿಕ ಗೃಹಸಾಲ ಫ್ಲೋಟಿಂಗ್ ದರದ್ದಾದರೆ ಮುಂಚಿತವಾಗಿ ಕಟ್ಟಿದ್ದಕ್ಕೆ ಬ್ಯಾಂಕ್ ದಂಡ ಹಾಕುವಂತಿಲ್ಲ.

## ಗೃಹಸಾಲಕ್ಕೆ ತೆರಿಗೆ ಉಳಿಯುತ್ತಲ್ವಾ? ಅದನ್ನು ಯಾಕೆ ಹಾಕಿಲ್ಲ?

ಹೊಸ ತೆರಿಗೆ ಪದ್ಧತಿಯಲ್ಲಿ ನೀವೇ ವಾಸ ಇರುವ ಮನೆಯ ಬಡ್ಡಿಗೆ ಕಡಿತ ಇಲ್ಲ. ಬಾಡಿಗೆಯವರಿಗೆ ಎಚ್‌ಆರ್‌ಎ ವಿನಾಯಿತಿಯೂ ಇಲ್ಲ. ಎರಡೂ ಕಡೆ ಸೊನ್ನೆ.

ಹಳೆಯ ಪದ್ಧತಿಯಲ್ಲಿ ಇದ್ದರೆ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ಕಡಿತ ಸಿಗುತ್ತದೆ. ಆದರೆ ಅದೇ ಪದ್ಧತಿಯಲ್ಲಿ ಬಾಡಿಗೆಯವರಿಗೆ ಎಚ್‌ಆರ್‌ಎ ಸಿಗುತ್ತದೆ. ಮೂಲ ವೇತನ ತಿಂಗಳಿಗೆ 60 ಸಾವಿರ ಅಂದರೆ, 25 ಸಾವಿರ ಬಾಡಿಗೆಯಲ್ಲಿ ಮೂಲ ವೇತನದ ಶೇ. 10, ಅಂದರೆ 6 ಸಾವಿರ ಕಳೆದು 19 ಸಾವಿರ. ಕಂಪನಿ ಅಷ್ಟು ಎಚ್‌ಆರ್‌ಎ ಕೊಡುತ್ತಿದ್ದರೆ ವರ್ಷಕ್ಕೆ 2.28 ಲಕ್ಷ ವಿನಾಯಿತಿ. ಬಡ್ಡಿಯ 2 ಲಕ್ಷಕ್ಕೆ ಇದು ಸರಿದೂಗುತ್ತದೆ. ಅಸಲಿನ ಮೇಲಿನ ಕಡಿತ 1.5 ಲಕ್ಷದ ಮಿತಿಯಲ್ಲೇ ಬರುತ್ತದೆ, ಬಹಳಷ್ಟು ಜನರಿಗೆ ಅದು ಪಿಎಫ್‌ನಲ್ಲೇ ತುಂಬಿರುತ್ತದೆ. "ಟ್ಯಾಕ್ಸ್ ಉಳಿಯುತ್ತೆ ಸಾರ್" ಅಂತ ಮಾರುವವರು ಹೇಳಿದಾಗ ಬಾಡಿಗೆಯವರಿಗೆ ಉಳಿಯುವ ಟ್ಯಾಕ್ಸನ್ನೂ ಪಕ್ಕದಲ್ಲಿ ಬರೆಯಿರಿ.

## ಮನೆ ಮಾರುವುದೇ ಇಲ್ಲ, ಅಲ್ಲೇ ಇರುತ್ತೇವೆ ಅಂದರೆ?

ಆಗ ಮಾರಾಟದ ಖರ್ಚು, ತೆರಿಗೆ ಎರಡೂ ತೆಗೆದುಹಾಕಿ. ಬೆಲೆ ಶೇ. 5 ಏರಿದ ಲೆಕ್ಕದಲ್ಲೇ ಹತ್ತನೇ ವರ್ಷ ಕೊಂಡವರ ಪಾಲು 85.5 ಲಕ್ಷ, ಹದಿನೈದನೇ ವರ್ಷ 139 ಲಕ್ಷ. ಅಲ್ಲಿಗೆ ಅವರು ಬಾಡಿಗೆಯವರ 135 ಲಕ್ಷವನ್ನು ದಾಟಿರುತ್ತಾರೆ. ಇಪ್ಪತ್ತು ವರ್ಷಕ್ಕೆ ಇಎಂಐ ನಿಂತುಹೋಗುತ್ತದೆ. ಇಪ್ಪತ್ತೊಂದನೇ ವರ್ಷ ಬಾಡಿಗೆಯವರು ತಿಂಗಳಿಗೆ ಸುಮಾರು 80 ಸಾವಿರ ಕೊಡುತ್ತಿರುತ್ತಾರೆ.

ನಲವತ್ತು ವಯಸ್ಸಿನವರು ಈ ಪಟ್ಟಿಯನ್ನು ಹತ್ತು ವರ್ಷಕ್ಕೆ ನಿಲ್ಲಿಸಬಾರದು ಅನ್ನುವುದು ನನ್ನ ಅಭಿಪ್ರಾಯ. ಸಂಬಳ ನಿಂತ ಮೇಲೂ ಬಾಡಿಗೆ ಏರುತ್ತಲೇ ಇರುತ್ತದೆ. ವಯಸ್ಸಾದವರಿಗೆ "ಮಗ ಬರ್ತಿದ್ದಾನೆ, ಮನೆ ಖಾಲಿ ಮಾಡಿ" ಅನ್ನುವ ಮಾತು ತರುವ ಕಷ್ಟಕ್ಕೆ ಕಾಲಂ ಹಾಕಲು ಬರುವುದಿಲ್ಲ. ಬಾಡಿಗೆಯಲ್ಲೇ ಇರುತ್ತೇವೆ ಅನ್ನುವವರು ನಿವೃತ್ತಿಯ ನಂತರದ ಬಾಡಿಗೆಗೂ ಗಂಟು ಸಾಲುತ್ತದಾ ಅಂತ ಮುಂದುವರಿಸಿ ನೋಡಬೇಕು. ಹಾಗೆಯೇ ನಾಲ್ಕೈದು ವರ್ಷದಲ್ಲಿ ಊರು ಬಿಡುವ ಅಂದಾಜು ಇರುವವರಿಗೆ ಮೇಲಿನ ಪಟ್ಟಿಯ ಮೊದಲ ಕಾಲಂ ಸಾಕು. ಬೆಲೆ ಶೇ. 7 ಏರಿದರೂ ಐದು ವರ್ಷದಲ್ಲಿ ಅವರಿಗೆ 5.7 ಲಕ್ಷ ಕಮ್ಮಿಯೇ. ನೋಂದಣಿಗೆ ಕೊಟ್ಟ 6 ಲಕ್ಷ ಅಷ್ಟರಲ್ಲಿ ಹುಟ್ಟುವುದಿಲ್ಲ.

## ಇನ್ನೂ ಕಟ್ಟುತ್ತಿರುವ ಫ್ಲ್ಯಾಟ್ ತಗೊಂಡರೆ?

ಎರಡು ಸಾಲು ಜಾಸ್ತಿ ಬೇಕು. ಒಂದು ಜಿಎಸ್‌ಟಿ. ಪೂರ್ಣಗೊಂಡ ಪ್ರಮಾಣಪತ್ರ ಸಿಗುವ ಮೊದಲು ಕೊಂಡರೆ ಶೇ. 5, ಅಂದರೆ ನಮ್ಮ ಮನೆಗೆ 4 ಲಕ್ಷ. ಎರಡನೆಯದು ಮನೆ ಕೈಗೆ ಸಿಗುವವರೆಗೆ ಬಾಡಿಗೆ ಮತ್ತು ಸಾಲದ ಬಡ್ಡಿ ಎರಡೂ ಒಟ್ಟಿಗೆ ಕಟ್ಟುವ ಕಾಲ. ಬಿಲ್ಡರ್ ಹೇಳಿದ ತಾರೀಖಿನ ಮೇಲೆ ಒಂದು ವರ್ಷ ಸೇರಿಸಿ ಲೆಕ್ಕ ಹಾಕಿ, ರೇರಾ ವೆಬ್‌ಸೈಟಿನಲ್ಲಿ ಆ ಪ್ರಾಜೆಕ್ಟಿನ ಗಡುವು ವಿಸ್ತರಣೆ ಆಗಿದೆಯಾ ಅಂತಲೂ ನೋಡಿ.

## ಭೋಗ್ಯಕ್ಕೆ ಹಾಕಿಕೊಂಡರೆ ಬಾಡಿಗೆಯೇ ಇಲ್ಲವಲ್ಲ?

ಲೀಸ್ ಅಥವಾ ಭೋಗ್ಯದಲ್ಲಿ ತಿಂಗಳ ಬಾಡಿಗೆ ಇಲ್ಲ, ಆದರೆ ದೊಡ್ಡ ಮೊತ್ತ ಓನರ್ ಹತ್ತಿರ ಇರುತ್ತದೆ. 20 ಲಕ್ಷ ಕೊಟ್ಟರೆ ಆ 20 ಲಕ್ಷ ಗಂಟಿನಲ್ಲಿ ಇರುವುದಿಲ್ಲ. ಶೇ. 7ರಂತೆ ವರ್ಷಕ್ಕೆ 1.4 ಲಕ್ಷ, ತಿಂಗಳಿಗೆ ಸುಮಾರು 11,700 ಕಳೆದುಕೊಂಡಂತೆ. ಅದೇ ನಿಮ್ಮ ಬಾಡಿಗೆ ಅಂತ ಪಟ್ಟಿಯಲ್ಲಿ ಬರೆಯಿರಿ. 25 ಸಾವಿರದ ಮನೆ ಆ ಲೆಕ್ಕದಲ್ಲಿ ಸಿಕ್ಕರೆ ಲಾಭವೇ.

ಭಯ ಇರುವುದು ಅಸಲಿನದು. ಆ ಮನೆ ಈಗಾಗಲೇ ಬ್ಯಾಂಕಿಗೆ ಅಡ ಇದ್ದು, ಓನರ್ ಕಂತು ಕಟ್ಟದಿದ್ದರೆ ಬ್ಯಾಂಕ್ ಮನೆಗೆ ಬರುತ್ತದೆ, ನಿಮ್ಮ 20 ಲಕ್ಷಕ್ಕೆ ಓನರ್ ಹಿಂದೆ ಅಲೆಯಬೇಕು. ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರ, ಅಂದರೆ ಇಸಿ ತೆಗೆಸಿ. ಬ್ಯಾಂಕಿಗೆ ಮೂಲಪತ್ರ ಮಾತ್ರ ಕೊಟ್ಟು ಮಾಡಿದ ಸಾಲ ಕೆಲವೊಮ್ಮೆ ಇಸಿಯಲ್ಲಿ ಕಾಣುವುದಿಲ್ಲ, ಆದ್ದರಿಂದ ಮೂಲಪತ್ರವನ್ನೇ ತೋರಿಸಲು ಕೇಳಿ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ಕರಾರು ನೋಂದಣಿ ಆಗಲೇಬೇಕು. ಬರೀ ಸ್ಟಾಂಪ್ ಪೇಪರ್ ಮೇಲೆ ಬರೆದು ಸಹಿ ಹಾಕಿ ಲಕ್ಷಗಟ್ಟಲೆ ಕೊಡಬೇಡಿ.

## ಈ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಹಾಕುವುದು ಹೇಗೆ?

ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಯಾವುದಾದರೂ ಸರಿ. ಮೊದಲ ಸೂತ್ರ ಇಎಂಐ ಕೊಡುತ್ತದೆ, ಎರಡನೆಯದು ಹತ್ತು ವರ್ಷದ, ಅಂದರೆ 120 ಕಂತಿನ ನಂತರ ಉಳಿದ ಸಾಲ ಕೊಡುತ್ತದೆ.

```
=PMT(8.5%/12, 240, -6400000)
=FV(8.5%/12, 120, 55541, -6400000)
```

ನಂತರ ವರ್ಷಕ್ಕೊಂದು ಸಾಲು. A ಕಾಲಂನಲ್ಲಿ ವರ್ಷ, B ಬಾಡಿಗೆಯವರ ಖರ್ಚು, C ಕೊಂಡವರ ಖರ್ಚು, D ಗಂಟು. D2ರಲ್ಲಿ ಮೊದಲ ದಿನದ 2450000 ಹಾಕಿ. ಒಂದನೇ ವರ್ಷ ಮೂರನೇ ಸಾಲಿನಿಂದ ಶುರುವಾಗಲಿ. D3ರಲ್ಲಿ ಇದನ್ನು ಬರೆದು ಕೆಳಗೆ ಎಳೆಯಿರಿ.

```
=D2*1.07 + C3 - B3
```

ಸರಿಯಾಗಿದೆಯಾ ಅಂತ ನೋಡಲು ನಮ್ಮ ಅಂಕಿಗಳನ್ನೇ ಹಾಕಿ. D3ರಲ್ಲಿ ಸುಮಾರು 30.08 ಲಕ್ಷ, ಹತ್ತನೇ ವರ್ಷದ ಸಾಲಿನಲ್ಲಿ 90.91 ಲಕ್ಷ ಬರಬೇಕು. ಬರದಿದ್ದರೆ ಹೆಚ್ಚಾಗಿ ತಪ್ಪು ಇರುವುದು ಎರಡು ಕಡೆ: ಬಡ್ಡಿಯನ್ನು 12ರಿಂದ ಭಾಗಿಸಿರುವುದಿಲ್ಲ, ಅಥವಾ ತಿಂಗಳ ಇಎಂಐಯನ್ನು ವರ್ಷದ ಕಾಲಂಗೆ ಹಾಗೇ ಹಾಕಿರುತ್ತೀರಿ. ಅದು ಸರಿಹೋದ ಮೇಲೆ ನಿಮ್ಮ ಬೆಲೆ, ಬಾಡಿಗೆ, ಬಡ್ಡಿ ಹಾಕಿ.